ನಿಮ್ಮ ಕಣ್ಣಿನ ಹನಿಗಳು: ಯಾವಾಗ ಹಾಕಬೇಕು, ಹೇಗೆ ಹಾಕಬೇಕು

ಅಮ್ಮಾ, ಈ ಹಾಳೆ ನಿಮಗೂ, ಸಂಜೆ ಹನಿ ಹಾಕಿಕೊಡುವ ನಿಮ್ಮ ಸೊಸೆಗೂ. ಮಂಗಳವಾರ ನೀವು ನನ್ನ ಮುಂದೆ ಹನಿ ಹಾಕಿ ತೋರಿಸಿದಿರಲ್ವಾ, ಅದನ್ನು ನೋಡಿಯೇ ಬರೆದಿದ್ದೇನೆ. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಿತು. ಒಂದರ ಬದಲು ಮೂರು ಹನಿ ಬಿತ್ತು. ಕೂಡಲೇ ನೀವು ಪಟಪಟ ಕಣ್ಣು ಮಿಟುಕಿಸಿ ಕರವಸ್ತ್ರದಲ್ಲಿ ಒರೆಸಿಕೊಂಡಿರಿ. ಔಷಧಿ ಜಾಸ್ತಿ ಹೋಗಿದ್ದು ಕರವಸ್ತ್ರಕ್ಕೇ. ತಪ್ಪು ನಿಮ್ಮದಲ್ಲ, ಪಕ್ಕದಲ್ಲಿ ಕೂತು ಯಾರೂ ಹೇಳಿಕೊಟ್ಟಿರಲಿಲ್ಲ.

ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಹನಿ ಹಾಕಿದರೆ ದೃಷ್ಟಿ ಚುರುಕಾದಂತೆಯೂ ಅನ್ನಿಸುವುದಿಲ್ಲ. "ಸುಮ್ನೆ ಯಾಕೆ ಹಾಕಬೇಕು?" ಅಂತ ನೀವು ಕೇಳಿದ್ದು ಸಹಜ. ಒಮ್ಮೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲಮ್ಮಾ. ಈಗ ಇರುವುದನ್ನು ಉಳಿಸಿಕೊಳ್ಳೋಕೆ ಈ ಹನಿಗಳು.

ನಿಮ್ಮ ಬಾಟಲಿಗಳು

1 ಅಂತ ಚೀಟಿ ಅಂಟಿಸಿದ್ದು ಟಿಮೋಲಾಲ್ 0.5%. ಎರಡೂ ಕಣ್ಣಿಗೆ.
2 ಅಂತ ಚೀಟಿ ಇರುವುದು ಬ್ರಿಂಜೋಲಾಮೈಡ್ 1%. ಬಲಗಣ್ಣಿಗೆ ಮಾತ್ರ. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ ಇದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ, ತೆಗೆಯಬೇಡಿ.
3 ಅಂತ ಚೀಟಿ ಇರುವ ಚಿಕ್ಕ ಬಾಟಲಿ ಲ್ಯಾಟನೊಪ್ರೋಸ್ಟ್ 0.005%. ಎರಡೂ ಕಣ್ಣಿಗೆ, ರಾತ್ರಿ ಮಾತ್ರ.
ಚೀಟಿ ಇಲ್ಲದ್ದು ಕಣ್ಣು ಒಣಗಿದಾಗ ಹಾಕುವ ಹನಿ. ಅದು ಗ್ಲಾಕೋಮಾ ಔಷಧಿ ಅಲ್ಲ.

ದಿನದ ವೇಳೆ

ಬೆಳಿಗ್ಗೆ 7:00 – ಬಾಟಲಿ 1, ಎರಡೂ ಕಣ್ಣಿಗೆ ಒಂದೊಂದು ಹನಿ
ಬೆಳಿಗ್ಗೆ 7:10 – ಬಾಟಲಿ 2, ಬಲಗಣ್ಣಿಗೆ ಒಂದು ಹನಿ
ಸಂಜೆ 7:00 – ಬಾಟಲಿ 1, ಎರಡೂ ಕಣ್ಣಿಗೆ ಒಂದೊಂದು ಹನಿ
ಸಂಜೆ 7:10 – ಬಾಟಲಿ 2, ಬಲಗಣ್ಣಿಗೆ ಒಂದು ಹನಿ
ರಾತ್ರಿ 9:30 – ಬಾಟಲಿ 3, ಎರಡೂ ಕಣ್ಣಿಗೆ ಒಂದೊಂದು ಹನಿ

ನಡುವೆ 10 ನಿಮಿಷ ಬಿಡೋದು ಯಾಕೆ ಅಂದರೆ, ಒಂದರ ಹಿಂದೆಯೇ ಇನ್ನೊಂದು ಹಾಕಿದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ಎಷ್ಟೇ ಅವಸರ ಇದ್ದರೂ 5 ನಿಮಿಷಕ್ಕಿಂತ ಕಡಿಮೆ ಮಾಡಬೇಡಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಒಣಕಣ್ಣಿನ ಹನಿ ಬೇಕಾದರೆ ಇವೆಲ್ಲ ಮುಗಿದು 10 ನಿಮಿಷ ಆದಮೇಲೆ ಹಾಕಿ, ಮೊದಲು ಬೇಡ.

ಹನಿ ಹಾಕುವ ಬಗೆ

ಸೋಪು ಹಚ್ಚಿ ಕೈ ತೊಳೆಯಿರಿ. ಚೀಟಿಯ ನಂಬರ್ ಜೋರಾಗಿ ಓದಿ. ಬಾಟಲಿ 2 ಹಾಲಿನಂತೆ ಬೆಳ್ಳಗಿರುತ್ತದೆ, ಔಷಧಿ ತಳದಲ್ಲಿ ಕೂತಿರುತ್ತದೆ. ಹಾಗಾಗಿ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ. ಉಳಿದೆರಡಕ್ಕೆ ಅದು ಬೇಕಿಲ್ಲ.

ನಿಮ್ಮ ಕೈ ನಡುಗುತ್ತೆ, ಕತ್ತು ಹಿಂದಕ್ಕೆ ಬಗ್ಗಿಸಿದರೆ ತಲೆ ಸುತ್ತುತ್ತೆ ಅಂದಿರಿ. ಆದ್ದರಿಂದ ನಿಂತು ಹಾಕೋದು ಬೇಡವೇ ಬೇಡ. ಮಂಚದ ಮೇಲೆ ಅಂಗಾತ ಮಲಗಿ. ಎಡಗೈ ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ, ಅಲ್ಲೊಂದು ಪುಟ್ಟ ಜೇಬಿನಂತೆ ಆಗುತ್ತದೆ. ಬಲಗೈಯಲ್ಲಿ ಬಾಟಲಿ ಹಿಡಿದು ಮಣಿಕಟ್ಟನ್ನು ಹಣೆಯ ಮೇಲೆ ಊರಿ. ಕೈಗೆ ಆಸರೆ ಸಿಕ್ಕರೆ ನಡುಕ ಎಷ್ಟೋ ಕಡಿಮೆಯಾಗುತ್ತದೆ. ಚಾವಣಿಯ ಕಡೆ ನೋಡುತ್ತಾ ಆ ಜೇಬಿಗೆ ಒಂದೇ ಒಂದು ಹನಿ ಬಿಡಿ. ತುದಿ ಕಣ್ಣಿಗಾಗಲಿ, ರೆಪ್ಪೆಗಾಗಲಿ, ಬೆರಳಿಗಾಗಲಿ ತಾಗಬಾರದು. ತಾಗಿದರೆ ರೋಗಾಣು ಬಾಟಲಿಯೊಳಗೇ ಸೇರಿಕೊಳ್ಳಬಹುದು.

ಹನಿ ಹತ್ತಿರ ಬರುತ್ತಿದ್ದಂತೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಾ? ಹಾಗಾದರೆ ಮುಚ್ಚಿಕೊಂಡೇ ಇರಿ. ಮಲಗಿರುವಾಗಲೇ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಹನಿ ಬೀಳಿಸಿ, ಆಮೇಲೆ ಕಣ್ಣು ತೆರೆಯಿರಿ. ಔಷಧಿ ಒಳಗೆ ಜಾರುತ್ತದೆ. ಇದನ್ನು ಮಾಡುವುದಾದರೆ ಕಣ್ಣಿನ ಸುತ್ತ ಮೊದಲೇ ತೊಳೆದು ಒರೆಸಿರಬೇಕು.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಹನಿ ಬಿದ್ದ ಮೇಲೆ ಮಿಟುಕಿಸಬೇಡಿ. ಕಣ್ಣು ಮೆಲ್ಲಗೆ ಮುಚ್ಚಿ, ಬಿಗಿಯಾಗಿ ಹಿಂಡಬೇಡಿ. ಮೂಗಿನ ಪಕ್ಕದ ಮೂಲೆಯನ್ನು ತೋರುಬೆರಳಿನಿಂದ 2 ನಿಮಿಷ ಒತ್ತಿ ಹಿಡಿಯಿರಿ. ಬೆರಳು ಮೂಗಿನ ಎಲುಬಿನ ಮೇಲಿರಬೇಕು, ಕಣ್ಣುಗುಡ್ಡೆಯ ಮೇಲಲ್ಲ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲೇ ಇದೆ. ಒತ್ತದಿದ್ದರೆ ಔಷಧಿ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ಟಿಮೋಲಾಲ್ ಹಾಗೆ ಸೇರಿದರೆ ನಾಡಿ ನಿಧಾನವಾಗಬಹುದು, ಉಸಿರು ಕಟ್ಟಬಹುದು. ಒತ್ತಿ ಹಿಡಿದರೆ ಔಷಧಿ ಕಣ್ಣಲ್ಲೇ ಉಳಿದು ಕೆಲಸ ಮಾಡುತ್ತದೆ. ಬಾಟಲಿ 2 ಹಾಕಿದಾಗ ಬಾಯಿ ಕಹಿಯಾಗುತ್ತೆ ಅಂದಿರಲ್ವಾ, ಅದು ಗಂಟಲಿಗೆ ಇಳಿದ ಔಷಧಿಯೇ. ಮೂಲೆ ಸರಿಯಾಗಿ ಒತ್ತಿದ ದಿನ ಕಹಿ ಕಡಿಮೆ ಇರುತ್ತದೆ, ನೋಡಿ.

ಕೆನ್ನೆಗೆ ಇಳಿದದ್ದನ್ನು ಟಿಶ್ಯೂವಿನಿಂದ ಒರೆಸಿ. ಅದರಲ್ಲೂ ಬಾಟಲಿ 3 ಚರ್ಮದ ಮೇಲೆ ಉಳಿದರೆ ಅಲ್ಲಿ ಕಪ್ಪಾಗಬಹುದು. ಒಂದು ಹನಿಯೇ ಕಣ್ಣಿಗೆ ಜಾಸ್ತಿ, ಹೆಚ್ಚಿನದು ಹೊರಗೇ ಹರಿಯುತ್ತದೆ. ಹನಿ ಪೂರ್ತಿ ಕೆನ್ನೆಗೇ ಬಿದ್ದರೆ ಮಾತ್ರ ಇನ್ನೊಂದು ಹಾಕಿ.

ಮರೆತರೆ

ಬಾಟಲಿ 1 ಅಥವಾ 2 ಮರೆತಿದ್ದರೆ ನೆನಪಾದ ಕೂಡಲೇ ಹಾಕಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಬಾಟಲಿ 3 ರಾತ್ರಿ ಮರೆತು ಬೆಳಿಗ್ಗೆ ನೆನಪಾದರೆ ಅದನ್ನೂ ಬಿಡಿ, ಆ ರಾತ್ರಿ ಎಂದಿನಂತೆ ಹಾಕಿ. ಸರಿದೂಗಿಸೋಕೆ ಅಂತ ಎರಡೆರಡು ಹಾಕಬೇಡಿ. ಬಾಟಲಿ 3 ಅನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾಕಿದರೆ ಅದರ ಪರಿಣಾಮವೇ ಕಡಿಮೆಯಾಗಬಹುದು.

ಬಾಟಲಿ ಇಡುವುದು

ಸೀಲ್ ತೆಗೆಯದ ಲ್ಯಾಟನೊಪ್ರೋಸ್ಟ್ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ತೆರೆದ ದಿನದ ತಾರೀಖನ್ನು ಎಲ್ಲ ಬಾಟಲಿಗಳ ಮೇಲೂ ಬರೆಯಿರಿ. 4 ವಾರ ಆದಮೇಲೆ ಔಷಧಿ ಉಳಿದಿದ್ದರೂ ಎಸೆಯಿರಿ. ಮನಸ್ಸಿಗೆ ಬೇಜಾರಾಗುತ್ತೆ, ಗೊತ್ತು. ಆದರೆ ಹಳೆಯ ಬಾಟಲಿಯಿಂದ ಸೋಂಕು ತಗುಲಬಹುದು. ಕೊನೆಯ ಹನಿವರೆಗೆ ಕಾಯದೆ ಒಂದು ವಾರ ಮೊದಲೇ ಹೊಸದು ತರಿಸಿ.

ಹೀಗಾದರೆ ತಿಳಿಸಿ

ಸ್ವಲ್ಪ ಉರಿ, ಬಾಟಲಿ 2 ಹಾಕಿದ ಮೇಲೆ ಕೆಲ ನಿಮಿಷ ಮಂಜು, ಬಾಟಲಿ 3 ರಿಂದ ಸ್ವಲ್ಪ ಕೆಂಪು, ರೆಪ್ಪೆಗೂದಲು ಉದ್ದವಾಗುವುದು: ಇವಕ್ಕೆ ಹೆದರಬೇಡಿ, ಮುಂದಿನ ಸಲ ಬಂದಾಗ ಹೇಳಿದರೆ ಸಾಕು. ಮಂಜು ಹೋಗುವವರೆಗೆ ಮೆಟ್ಟಿಲು ಇಳಿಯಬೇಡಿ. ರೆಪ್ಪೆ ಊದಿ ತುರಿಕೆ ಬಂದರೆ, ಮೈಮೇಲೆ ದದ್ದು ಎದ್ದರೆ ಅದೇ ದಿನ ಫೋನ್ ಮಾಡಿ.

ಉಸಿರಾಟ ಕಷ್ಟವಾದರೆ, ಎದೆಯಲ್ಲಿ ಸುಯ್ ಅಂದರೆ, ತಲೆ ಸುತ್ತಿ ಬಿದ್ದರೆ, ಇದ್ದಕ್ಕಿದ್ದಂತೆ ಕಣ್ಣು ತುಂಬಾ ನೋವಾಗಿ ಕೆಂಪಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿಯಾದರೆ, ದೃಷ್ಟಿ ಹಠಾತ್ತನೆ ಕಡಿಮೆಯಾದರೆ ಕಾಯಬೇಡಿ. ರಾತ್ರಿಯಾಗಿದ್ದರೂ ತುರ್ತು ಚಿಕಿತ್ಸೆಗೆ ಹೊರಡಿ, ಬಾಟಲಿಗಳು ಜೊತೆಗಿರಲಿ.

ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸೋಕೆ ಹೋದರೂ, ಟಿಮೋಲಾಲ್ ಹಾಕುತ್ತಿದ್ದೇನೆ ಅಂತ ಹೇಳಿ. ಕಣ್ಣಿನ ಹನಿ ತಾನೇ ಅಂತ ಬಹಳ ಜನ ಹೇಳೋದೇ ಇಲ್ಲ.

ಮುಂದಿನ ತಪಾಸಣೆ ಆರು ವಾರಕ್ಕೆ. ಆ ದಿನ ಬೆಳಿಗ್ಗೆಯೂ ಹನಿ ತಪ್ಪಿಸಬೇಡಿ, ಔಷಧಿ ಹಾಕಿದಾಗ ಒತ್ತಡ ಎಷ್ಟಿದೆ ಅಂತಲೇ ನಾವು ನೋಡಬೇಕು. ಎಲ್ಲ ಬಾಟಲಿಗಳನ್ನೂ ತನ್ನಿ. ಮೂಲೆ ಒತ್ತೋದನ್ನು ಇನ್ನೊಂದು ಸಲ ನನ್ನ ಮುಂದೆ ಮಾಡಿ ತೋರಿಸಿ.