ಅಮ್ಮಮ್ಮನಿಗೆ, ಆಲ್ಬಮ್ ಜೊತೆಗೆ

ಮುಲುಂಡ್, ಮುಂಬಯಿ
26 ಅಕ್ಟೋಬರ್ 2025

ಪ್ರೀತಿಯ ಅಮ್ಮಮ್ಮನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಟೊರಾಂಟೊದಲ್ಲಿ ಆಗಲೇ ಚಳಿ ಶುರುವಾಗಿದೆ ಅಂತ ಅತ್ತೆ ಹೇಳಿದರು. ಕಾಲಿಗೆ ಸಾಕ್ಸ್ ಹಾಕಿಕೊಳ್ಳುತ್ತಿದ್ದೀಯಲ್ಲ?

ಫೋನಿಗೆ ಬಂದ ಫೋಟೊ ಬೆರಳು ತಾಗಿದರೆ ಸಾಕು, ಓಡಿಹೋಗುತ್ತದೆ ಅಂತ ಗೊಣಗಿದ್ದೆ. ಅದಕ್ಕೇ ಏಳು ಫೋಟೊ ಪ್ರಿಂಟ್ ಹಾಕಿಸಿ ಈ ಆಲ್ಬಮ್ ಮಾಡಿದ್ದೇನೆ. ಹಿಂದೆ ನಂಬರ್ ಬರೆದಿದ್ದೇನೆ. ಈ ಕಾಗದದ ಅಕ್ಷರವೂ ದಪ್ಪವೇ. ನೀನೇ ಓದು, ಮಾವನ ಹತ್ತಿರ ಓದಿಸಬೇಡ. ಅವನು ಅರ್ಧಕ್ಕರ್ಧ ಹಾರಿಸಿಬಿಡುತ್ತಾನೆ.

1. ನಮ್ಮ ಮಾತುಂಗಾ ಬಿಲ್ಡಿಂಗ್. ಸುತ್ತ ಹಸಿರು ಬಲೆ ಕಟ್ಟಿದ್ದಾರೆ, ಗುರುತು ಸಿಗುವುದು ಕಷ್ಟ. ಮೂರನೇ ಮಾಳಿಗೆಯಲ್ಲಿ ಬಲಗಡೆಯ ಕೊನೇ ಕಿಟಕಿ ನೋಡು, ನೀನು ಹಪ್ಪಳ ಒಣಗಿಸುತ್ತಿದ್ದದ್ದು ಅಲ್ಲೇ. ಹೊಸ ಮನೆ ಮೂರು ವರ್ಷದಲ್ಲಿ ಕೊಡುತ್ತೇನೆ ಅಂತ ಬಿಲ್ಡರ್ ಹೇಳುತ್ತಾನೆ. ಅಪ್ಪ ನಾಲ್ಕು ಅಂತ ಲೆಕ್ಕ ಹಾಕಿದ್ದಾರೆ.

2. ಇದಕ್ಕೆ ನೀನು ನಗುತ್ತೀಯ. ಲಿಫ್ಟಿನೊಳಗೆ ಗೋಣಿಚೀಲ ಸುತ್ತಿಕೊಂಡು ಕೂತಿರುವುದು ನಿನ್ನ ಅರೆಯುವ ಕಲ್ಲು! ಹಳೇ ಮನೆಯಿಂದ ಅದನ್ನು ಇಳಿಸಲು ಇಬ್ಬರು ಹಮಾಲರು ಬಂದಿದ್ದರು. ಒಂದೊಂದು ಮೆಟ್ಟಿಲಿಗೂ ನಿಂತರು. ಎರಡನೇ ಮಾಳಿಗೆಗೆ ಬರುವಷ್ಟರಲ್ಲಿ ಕೂಲಿ ಇನ್ನೂರು ರೂಪಾಯಿ ಜಾಸ್ತಿಯಾಯಿತು. ಇಲ್ಲಿ ಏಳನೇ ಮಾಳಿಗೆ. ಲಿಫ್ಟಿಗೆ ಕಲ್ಲು ಇಟ್ಟು ಇಬ್ಬರೂ ಹತ್ತಿದರು, ಹಿಂದೆಯೇ ಅಮ್ಮ ಕಾಲಿಟ್ಟರು, ಲಿಫ್ಟ್ ಕುಂಯ್ ಅಂತ ಕೂಗತೊಡಗಿತು. ಕೊನೆಗೆ ಎಲ್ಲರೂ ಇಳಿದು ಕಲ್ಲೊಂದನ್ನೇ ಮೇಲೆ ಕಳಿಸಿದೆವು. ಮೇಲೆ ಲಿಫ್ಟಿಗೆ ಕಾಯುತ್ತಿದ್ದವರು ಬಾಗಿಲು ತೆರೆದಾಗ ಏನಂದುಕೊಂಡರೋ.

3. ಹೊಸ ಅಡಿಗೆಮನೆ. ಹೊಸದು ಅಂದರೆ ಬಾಡಿಗೆಯದ್ದು. ಅಮ್ಮನ ಮುಖ ಗಂಟಾಗಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ, ನಲ್ಲಿಯಲ್ಲಿ ನೀರು ನಿಂತಿತ್ತು ಅಷ್ಟೇ.

4. ಚೌತಿಯ ದಿನ. ಮಾತುಂಗಾ ಮಾರ್ಕೆಟ್ಟಿಗೆ ಹೋಗಿ ನಾನೇ ಹಲಸಿನ ಎಲೆ ತಂದೆ. ಕಡುಬಿಗೆ ಎಲೆಯ ಕೊಟ್ಟೆ ಕಟ್ಟಿದ್ದೂ ನಾನೇ, ಹಿಡಿಸೂಡಿ ಕಡ್ಡಿ ಚುಚ್ಚಿ. ಹನ್ನೆರಡರಲ್ಲಿ ಐದು ಸೋರಿದವು. ಅವು ಫೋಟೊದಲ್ಲಿಲ್ಲ! ಗ್ರೈಂಡರ್ ಬೇಡ ಅಂತ ಅಮ್ಮ ಉದ್ದನ್ನು ಕಲ್ಲಿನಲ್ಲೇ ಅರೆದರು. ಬೆಳಿಗ್ಗೆ ಐದು ಗಂಟೆಗೆ!

5. ಸೋಫಾದಲ್ಲಿ ಕೂತಿರುವ ಗುಜರಾತಿ ಆಂಟಿ ಯಾರು ಅಂತ ಕೇಳುತ್ತೀಯ. ಕೆಳಗಿನ ಮನೆಯವರು. ಅವತ್ತು ಬೆಳಿಗ್ಗೆ ಮೇಲೆ ಏನೋ ಗುಡುಗುಡು ಅನ್ನುತ್ತಿದೆ ಅಂತ ಜಗಳಕ್ಕೇ ಬಂದಿದ್ದರು. ಅಮ್ಮ ಒಳಗೆ ಕರೆದು ಕಲ್ಲು ತೋರಿಸಿದರು. ಅವರು ಕೂತು ಗುಂಡು ಹಿಡಿದು ನಾಲ್ಕು ಸುತ್ತು ತಿರುಗಿಸಿ, ತಮ್ಮ ಅಜ್ಜಿಯ ಮನೆಯ ಕಥೆ ಹೇಳಿ, ನಾಲ್ಕು ಕಡುಬು ತೆಗೆದುಕೊಂಡು ಹೋದರು. ಈಗ ಏಳು ಗಂಟೆಯ ಮೇಲೆ ಅರೆಯಬಹುದು ಅಂತ ಒಪ್ಪಂದ.

6. ಅಕ್ಕನ ಮಗಳು ಇಳಾ, ನಿನ್ನ ಮರಿಮಗಳು. ಎಂಟು ತಿಂಗಳು. ಕೆಳಗೆ ಎರಡು ಹಲ್ಲು ಬಂದಿವೆ, ಬಾಯಿ ತೆರೆದರೆ ಅಳುತ್ತಾಳೆ ಅಂತ ಫೋಟೊದಲ್ಲಿ ಕಾಣಿಸಲು ಆಗಲಿಲ್ಲ. ಹುಬ್ಬು ಮಾತ್ರ ನಿನ್ನದೇ. ಅಕ್ಕ ಒಪ್ಪುವುದಿಲ್ಲ.

7. ಅಪ್ಪ, ನಾನು, ಹೊಸ ಮೆಟ್ರೊ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, ಹೆಚ್ಚುಕಮ್ಮಿ ಪೂರ್ತಿ ನೆಲದಡಿಯಲ್ಲಿ. ಮಿಠಿ ನದಿಯ ಕೆಳಗೂ ಹೋಗುತ್ತದೆ. ಈ ತಿಂಗಳೇ ಪೂರ್ತಿ ತೆರೆದದ್ದು. ಅಪ್ಪ ಸುಮ್ನೆ ಕೂರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನೀನು ಅಜ್ಜಯ್ಯನ ಜೊತೆ ದಾದರ್‌ಗೆ ಟ್ರಾಮಿನಲ್ಲಿ ಹೋಗಿದ್ದು, 1964ರಲ್ಲಿ ಟ್ರಾಮೇ ನಿಂತದ್ದು, ಎಲ್ಲ ಪಕ್ಕದಲ್ಲಿ ಕೂತ ಕಾಲೇಜು ಹುಡುಗನಿಗೆ ಮರಾಠಿಯಲ್ಲಿ ಹೇಳಿದರು. ಅವನು ಕಿವಿಯಿಂದ ಇಯರ್‌ಫೋನ್ ತೆಗೆದದ್ದು ಸ್ಟೇಷನ್ ಬಂದಾಗಲೇ.

ಒಂದು ವಿಷಯ ಕೇಳಬೇಕು. ಬಿಲ್ಡರ್ ಹೊಸ ಮನೆಯ ನಕ್ಷೆ ಕೊಟ್ಟಿದ್ದಾನೆ. ಅಡಿಗೆಮನೆ ಈಗಿನದಕ್ಕಿಂತ ದೊಡ್ಡದು, ಆದರೆ ಕಲ್ಲಿಗೆ ಜಾಗ ಎಲ್ಲಿ ಅಂತ ಅಮ್ಮನಿಗೂ ಅಪ್ಪನಿಗೂ ದಿನಾ ಚರ್ಚೆ. ಅಪ್ಪ ಬಾಲ್ಕನಿ ಅನ್ನುತ್ತಾರೆ. ಅಮ್ಮ ಸಿಂಕಿನ ಪಕ್ಕ ಅನ್ನುತ್ತಾರೆ. ನಕ್ಷೆಯ ಜೆರಾಕ್ಸ್ ಆಲ್ಬಮ್ಮಿನ ಕೊನೇ ಹಾಳೆಯಲ್ಲಿ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿ ಮಾವನ ಹತ್ತಿರ ಕಳಿಸು.

ಮಾವನಿಗೂ ಅತ್ತೆಗೂ ನಮಸ್ಕಾರ.

ನಿನ್ನ ಮೊಮ್ಮಗಳು,
ಸುಮಾ

ತಾ.ಕ.: ಐದನೇ ಫೋಟೊದಲ್ಲಿ ಹಿಂದೆ ಕಾಣುವ ಮನಿಪ್ಲಾಂಟ್ ಕುಂಡ ಉಳಿದ ದಿನ ಕಲ್ಲಿನ ಮೇಲೇ ಇರುತ್ತದೆ. ಬೈಯುವುದಾದರೆ ಅಪ್ಪನಿಗೆ ಬೈಯಿ.