ಪಿಸಿಎಂಸಿಯಿಂದ ಪಿಸಿಎಂಬಿಗೆ ಕಾಂಬಿನೇಷನ್ ಬದಲಾಯಿಸಿಕೊಡಲು ಕೋರಿಕೆ

ಸಿದ್ದಾಪುರ
24 ಜೂನ್ 2025

ಗೆ,
ಪ್ರಾಂಶುಪಾಲರು,
ಪದವಿಪೂರ್ವ ಕಾಲೇಜು,
ವಿರಾಜಪೇಟೆ, ಕೊಡಗು ಜಿಲ್ಲೆ.

ಇವರಿಂದ,
ಎಚ್. ಎಂ. ರಮೇಶ್,
ಕಾಫಿ ತೋಟದ ರೈಟರ್,
ಸಿದ್ದಾಪುರ.

ವಿಷಯ: ನನ್ನ ಮಗಳು ಅನುಷಾ ಎಚ್. ಆರ್. (ಪ್ರಥಮ ಪಿಯುಸಿ ವಿಜ್ಞಾನ, ಸಿ ವಿಭಾಗ, ರೋಲ್ ನಂಬರ್ 37) ಇವಳ ಕಾಂಬಿನೇಷನ್ ಬದಲಾವಣೆ ಮತ್ತು ಅದರ ಕೊನೆಯ ದಿನಾಂಕದ ಬಗ್ಗೆ.

ಮಾನ್ಯರೇ,

ನಮಸ್ಕಾರ. ನನ್ನ ಮಗಳು ಅನುಷಾ ಈ ವರ್ಷ ತಮ್ಮ ಕಾಲೇಜಿನಲ್ಲಿ ಪಿಸಿಎಂಸಿಗೆ ಸೇರಿದ್ದಾಳೆ. ಅವಳನ್ನು ಪಿಸಿಎಂಬಿಗೆ ಬದಲಾಯಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಹಾಗೇ ಇರಲಿ. ಭಾಷೆಗಳಲ್ಲೂ ಕನ್ನಡ, ಇಂಗ್ಲಿಷ್ ಇದ್ದಂತೆಯೇ ಇರಲಿ. ಕಂಪ್ಯೂಟರ್ ಸೈನ್ಸ್ ಜಾಗದಲ್ಲಿ ಜೀವಶಾಸ್ತ್ರ ಬಂದರೆ ಸಾಕು.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಡ್ಮಿಷನ್ ಫಾರಂ ತುಂಬಿದ್ದು ಮಗಳಲ್ಲ, ನಾನು. ತೋಟದಲ್ಲಿ ದಿನಾ ಚೆಕ್‌ರೋಲ್ ಬರೆಯುವ ನನಗೆ ಫಾರಂ ತುಂಬುವುದು ಅಭ್ಯಾಸವೇ. ಆದರೆ ಆ ದಿನ ಅವಳನ್ನು ಸರಿಯಾಗಿ ಕೇಳಲಿಲ್ಲ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಂಪ್ಯೂಟರ್ ಓದಿದರೆ ಇವಳಿಗೂ ದಾರಿಯಾಗುತ್ತದೆ ಅಂದುಕೊಂಡು ಪಿಸಿಎಂಸಿ ಎಂದು ಬರೆದುಬಿಟ್ಟೆ. ಅವಳು ಪಕ್ಕದಲ್ಲೇ ನಿಂತಿದ್ದಳು, ಏನೂ ಹೇಳಲಿಲ್ಲ. ಅಪ್ಪ ಬರೆಯುತ್ತಿರುವಾಗ ಮಕ್ಕಳು ಬೇಡ ಅನ್ನುವುದು ಕಡಿಮೆ ಅಲ್ವಾ.

ವಿಷಯ ಹೊರಗೆ ಬಂದಿದ್ದು ಕಳೆದ ವಾರ. ಕ್ಲಾಸಿನಲ್ಲಿ ಉಪನ್ಯಾಸಕರೊಬ್ಬರು ಎಲ್ಲರನ್ನೂ ಪಿಯುಸಿ ಆದ ಮೇಲೆ ಏನು ಓದುತ್ತೀರಿ ಎಂದು ಕೇಳಿದರಂತೆ. ಇವಳು ಪೊನ್ನಂಪೇಟೆಯಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಅಂದಳಂತೆ. "ಹಾಗಾದರೆ ಈ ಸೆಕ್ಷನ್‌ನಲ್ಲಿ ಯಾಕೆ ಕೂತಿದ್ದೀಯಮ್ಮಾ?" ಎಂದು ಅವರು ಕೇಳಿದರಂತೆ. ಆ ಪ್ರಶ್ನೆಯನ್ನು ಅವಳು ಮನೆಗೆ ಬಂದು ನನಗೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾನೂ ವಿಚಾರಿಸಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ಸೀಟು ಸಿಗುವುದು ಸಿಇಟಿ ಮೂಲಕ, ಅದಕ್ಕೆ ಜೀವಶಾಸ್ತ್ರ ಬೇಕೇ ಬೇಕು. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯಕ್ಕೂ ಅಷ್ಟೇ. ಈಗ ಕಂಪ್ಯೂಟರ್ ಹಿಡಿದು ಕೂತರೆ ಇವೆಲ್ಲಕ್ಕೂ ಇವತ್ತೇ ಬಾಗಿಲು ಹಾಕಿದಂತೆ. ಎಂಜಿನಿಯರಿಂಗ್‌ನದು ಬೇರೆ ಕಥೆ. ಅದರ ಸಿಇಟಿ ರ್‍ಯಾಂಕಿಗೆ ನೋಡುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಪಿಯುಸಿಯಲ್ಲಿ ಕಂಪ್ಯೂಟರ್ ಓದದವರೂ ಬಿ.ಇ. ಕಂಪ್ಯೂಟರ್ ಸೈನ್ಸ್ ಸೇರುತ್ತಾರೆ. ನಾಳೆ ಅವಳ ಮನಸ್ಸು ಬದಲಾದರೂ ಪಿಸಿಎಂಬಿಯಿಂದ ಆ ಕಡೆ ಹೋಗಬಹುದು. ಪಿಸಿಎಂಸಿಯಿಂದ ಈ ಕಡೆ ಬರಲು ಆಗುವುದಿಲ್ಲ. ಇದನ್ನು ನಾನು ಮೇ ತಿಂಗಳಲ್ಲೇ ತಿಳಿದುಕೊಳ್ಳಬೇಕಿತ್ತು.

ಹುಡುಗಿಗೆ ಕಂಪ್ಯೂಟರ್ ಕಷ್ಟವಾಗಿರಬೇಕು, ಅದಕ್ಕೇ ಓಡಿ ಬರುತ್ತಿದ್ದಾಳೆ ಎಂದು ತಮಗೆ ಅನ್ನಿಸಬಹುದು. ಹಾಗಿಲ್ಲ. ಕಂಪ್ಯೂಟರ್ ಸೈನ್ಸ್ ಮೊದಲ ಕಿರುಪರೀಕ್ಷೆಯಲ್ಲಿ 20ಕ್ಕೆ 16 ತೆಗೆದಿದ್ದಾಳೆ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 570 ಬಂದಿದೆ, ವಿಜ್ಞಾನದಲ್ಲಿ 94, ಗಣಿತದಲ್ಲಿ 86. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಈಗ ಇಂಗ್ಲಿಷ್‌ನಲ್ಲಿ ಓದುವುದಕ್ಕೆ ಸ್ವಲ್ಪ ಪರದಾಡುತ್ತಿದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಪರದಾಟ ಎರಡೂ ಕಾಂಬಿನೇಷನ್‌ನಲ್ಲಿ ಒಂದೇ. ಇಷ್ಟವಾದ ವಿಷಯವಾದರೆ ಹೊಸ ಪದಗಳೂ ಬೇಗ ತಲೆಗೆ ಹೋಗುತ್ತವೆ ಎಂದು ನನ್ನ ಲೆಕ್ಕ.

ಇಷ್ಟ ಅಂದೆನಲ್ಲ, ಅದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ನಮಗೆ ಒಂದೂವರೆ ಎಕರೆ ಕಾಫಿ ಇದೆ. ಸಿಲ್ವರ್ ಓಕ್ ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ಹೋದ ಮಳೆಗಾಲದಲ್ಲಿ ಬಳ್ಳಿಗಳು ಒಂದೊಂದಾಗಿ ಸೊರಗತೊಡಗಿದವು. ಮಳೆ ಜಾಸ್ತಿ, ಕೊಳೆ ಬಂತು ಅಂತ ನಾನು ಸುಮ್ನಾದೆ. ಇವಳು ಸುಮ್ನಾಗಲಿಲ್ಲ. ಒಂದು ಬಳ್ಳಿಯ ಬುಡ ಕೆದಕಿ, ಕಪ್ಪಾದ ಬೇರನ್ನು ಮಣ್ಣಿನ ಸಮೇತ ಕವರಿಗೆ ಹಾಕಿಕೊಂಡು, ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ನನ್ನನ್ನು ಎಳೆದುಕೊಂಡು ಹೋದಳು. ಅದು ಶೀಘ್ರ ಸೊರಗು ರೋಗ, ಫೈಟಾಫ್ತೊರಾ ಎಂಬುದರಿಂದ ಬರುತ್ತದೆ, ನೀರಿನ ಜೊತೆ ಹರಡುತ್ತದೆ ಎಂದು ಅಲ್ಲಿ ತಿಳಿಸಿದರು. ಮನೆಗೆ ಬಂದವಳೇ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಎಳೆಸಿದಳು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಎಂದರೆ, ನಮ್ಮ 20 ಲೀಟರ್ ಬಕೆಟಿಗೆ ತಲಾ 200 ಗ್ರಾಂ ಎಂದು ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿದ್ದಳು. ಪ್ರತಿ ಬಳ್ಳಿಗೂ ನಂಬರ್ ಕೊಟ್ಟು, ಯಾವುದು ಉಳಿಯಿತು, ಯಾವುದು ಹೋಯಿತು ಎಂದು ವಾರವಾರ ಬರೆದಿದ್ದಾಳೆ. 43 ಬಳ್ಳಿಗಳಲ್ಲಿ ನಾವು ಕಳೆದುಕೊಂಡಿದ್ದು 12. ಉಳಿದದ್ದಕ್ಕೆ ಅವಳೇ ಕಾರಣ ಅಂತ ನಾನು ಹೇಳಲಾರೆ, ಆ ವರ್ಷ ಆಗಸ್ಟ್ ಕೊನೆಗೆ ನಮ್ಮ ಕಡೆ ಮಳೆಯೂ ಸ್ವಲ್ಪ ಬಿಡುವು ಕೊಟ್ಟಿತ್ತು. ಆದರೆ ನನ್ನ ಚೆಕ್‌ರೋಲ್‌ಗಿಂತ ಅವಳ ಆ ಪುಸ್ತಕ ಅಚ್ಚುಕಟ್ಟಾಗಿದೆ. ಬೇಕಿದ್ದರೆ ತಂದು ತೋರಿಸುತ್ತೇನೆ.

ತಪ್ಪಿಹೋದ ಪಾಠಗಳ ಬಗ್ಗೆ. ಮೂರು ವಿಷಯ ಒಂದೇ ಆದ್ದರಿಂದ ಅವಳು ಹಿಂದೆ ಬಿದ್ದಿರುವುದು ಜೀವಶಾಸ್ತ್ರದಲ್ಲಿ ಮಾತ್ರ, ಅದೂ ಮೂರು ವಾರದ ಪಾಠ. ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಯಿಂದ ಹಳೆಯ ಪಠ್ಯಪುಸ್ತಕ ಇಸಿದುಕೊಂಡು ಬಂದಿದ್ದಾಳೆ. ಜೀವಿಗಳ ವರ್ಗೀಕರಣದ ಪಾಠ ತಾನಾಗಿಯೇ ಓದುತ್ತಿದ್ದಾಳೆ. ಫೈಟಾಫ್ತೊರಾ ಯಾವ ಗುಂಪಿಗೆ ಸೇರುತ್ತದೆ ಎಂದು ಆ ಪಾಠದಲ್ಲಿ ಹುಡುಕಿದ್ದೇ ಮೊದಲ ಕೆಲಸ. ನೋಟ್ಸ್ ಬರೆದುಕೊಳ್ಳುವುದಕ್ಕೆ ನಾವೇ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ನನಗೆ ಚಿಂತೆ ಇರುವುದು ಪ್ರಾಕ್ಟಿಕಲ್ ಬಗ್ಗೆ. ಅದಕ್ಕೆ 30 ಅಂಕ, ರೆಕಾರ್ಡ್ ಪುಸ್ತಕವೂ ಪೂರ್ತಿಯಾಗಬೇಕು. ಆಗಿಹೋದ ಪ್ರಾಕ್ಟಿಕಲ್‌ಗಳನ್ನು ಬೇರೆ ಬ್ಯಾಚ್ ಜೊತೆಗೋ, ಶನಿವಾರವೋ ಮಾಡಲು ಅವಕಾಶ ಸಿಕ್ಕರೆ ದೊಡ್ಡ ಉಪಕಾರ. ಸಂಜೆ 4.30ರ ಸಿದ್ದಾಪುರ ಬಸ್ ತಪ್ಪಿದರೂ ಪರವಾಗಿಲ್ಲ, ಅಂಥ ದಿನ ನಾನೇ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ.

ಈಗ ಮುಖ್ಯ ಪ್ರಶ್ನೆ, ಕೊನೆಯ ದಿನಾಂಕ. ನೋಟಿಸ್ ಬೋರ್ಡಿನಲ್ಲಿ ಹೊಸ ದಾಖಲಾತಿಯ ದಿನಾಂಕ, ದಂಡ ಶುಲ್ಕದ ವಿವರ ಇದೆ ಎಂದು ಮಗಳು ಹೇಳಿದಳು. ಈಗಾಗಲೇ ಸೇರಿದವರು ಕಾಂಬಿನೇಷನ್ ಬದಲಾಯಿಸಲು ಕೊನೆಯ ದಿನ ಯಾವುದು ಎಂಬುದು ಅದರಲ್ಲಿ ಇಲ್ಲವಂತೆ. ಎರಡಕ್ಕೂ ಒಂದೇ ದಿನವೋ, ಬದಲಾವಣೆಗೆ ಕಾಲೇಜು ಬೇರೆ ದಿನ ಇಟ್ಟಿದೆಯೋ ದಯವಿಟ್ಟು ತಿಳಿಸಿ. ವಿದ್ಯಾರ್ಥಿಗಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಇಲಾಖೆಗೆ ಕಳಿಸಿದ ಮೇಲೆ ತಿದ್ದುವುದು ಕಷ್ಟ ಎಂದು ಕೇಳಿದ್ದೇನೆ. ಅನುಷಾಳ ವಿವರ ಈಗಾಗಲೇ ಪಿಸಿಎಂಸಿ ಎಂದು ಹೋಗಿದೆಯೇ? ಹೋಗಿದ್ದರೆ ತಮ್ಮ ಹಂತದಲ್ಲೇ ಸರಿಪಡಿಸಬಹುದೇ, ಅಥವಾ ಮಡಿಕೇರಿಯ ಉಪನಿರ್ದೇಶಕರ ಕಚೇರಿಯಿಂದ ಅನುಮತಿ ಬೇಕೇ? ಬೇಕು ಎಂದಾದರೆ ತಮ್ಮ ಶಿಫಾರಸು ಪತ್ರ ಕೊಟ್ಟರೆ ಮರುದಿನವೇ ಮಡಿಕೇರಿಗೆ ಹೋಗುತ್ತೇನೆ.

ಇನ್ನೊಂದು ಸಂಗತಿ ನಮ್ಮ ಊರಿನ ಮಳೆಯದು. ಈ ಜೋರು ಮಳೆಗೆ ಜಿಲ್ಲಾಧಿಕಾರಿಗಳು ಯಾವಾಗ ಬೇಕಾದರೂ ರಜೆ ಘೋಷಿಸಬಹುದು. ಕೊನೆಯ ದಿನವೇ ರಜೆ ಬಂದರೆ ಮರುದಿನ ಅರ್ಜಿ ತೆಗೆದುಕೊಳ್ಳುತ್ತೀರಾ? ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶ ಎರಡು ದಿನ ಬಿಟ್ಟು ಬರುವುದುಂಟು. ಹಾಗಾಗಿ ಏನೇ ಉತ್ತರ ಇದ್ದರೂ ಒಂದು ಚೀಟಿಯಲ್ಲಿ ಬರೆದು ಅನುಷಾಳ ಕೈಯಲ್ಲೂ ಕೊಟ್ಟರೆ ನನಗೆ ಖಾತ್ರಿ.

ಪಿಸಿಎಂಬಿ ಸೆಕ್ಷನ್ ತುಂಬಿದೆ ಎಂದಾದರೆ ಅವಳ ಹೆಸರನ್ನು ಕಾಯುವ ಪಟ್ಟಿಯಲ್ಲಿ ಇಡಿ ಎಂದು ಬೇಡಿಕೊಳ್ಳುತ್ತೇನೆ. ಅಲ್ಲಿಂದ ಒಬ್ಬ ಹುಡುಗ ಕಂಪ್ಯೂಟರ್‌ಗೆ ಬರಬೇಕು ಅನ್ನುತ್ತಿದ್ದಾನಂತೆ. ಇದು ಮಕ್ಕಳ ಮಾತು, ಅವರ ಮನೆಯವರ ಅಭಿಪ್ರಾಯ ನನಗೆ ತಿಳಿದಿಲ್ಲ. ನಿಜವಾಗಿದ್ದರೆ ಇಬ್ಬರನ್ನೂ ಅದಲು ಬದಲು ಮಾಡಲು ಸಾಧ್ಯವೇ ಎಂದು ತಾವೇ ವಿಚಾರಿಸಿ ನೋಡಬಹುದು. ಶುಲ್ಕದಲ್ಲಿ ವ್ಯತ್ಯಾಸ ಇದ್ದರೆ ಕಟ್ಟುತ್ತೇನೆ. ಎಷ್ಟು ಎಂದು ಮೊದಲೇ ತಿಳಿಸಿದರೆ ಅನುಕೂಲ, ಏಕೆಂದರೆ ನಮಗೆ ಸಂಬಳ ಆಗುವುದು 7ನೇ ತಾರೀಕಿಗೆ.

ನಿರ್ಧಾರ ಆಗುವವರೆಗೆ ಅವಳು ಕಂಪ್ಯೂಟರ್ ಕ್ಲಾಸಿಗೆ ತಪ್ಪದೆ ಹಾಜರಾಗುತ್ತಾಳೆ. ಹೇಗಿದ್ದರೂ ಬದಲಾಗುತ್ತದೆ ಎಂದು ಅಲ್ಲಿಯೂ ಬಿಟ್ಟು ಇಲ್ಲಿಯೂ ಬಿಟ್ಟು ಕೂರುವುದು ಬೇಡ ಎಂದು ಹೇಳಿದ್ದೇನೆ.

ಈ ಶುಕ್ರವಾರ, 27ರಂದು ಬೆಳಿಗ್ಗೆ 10.30ಕ್ಕೆ ಮಗಳ ಜೊತೆ ನಾನೂ ಕಾಲೇಜಿಗೆ ಬರುತ್ತೇನೆ. ತೋಟದಲ್ಲಿ ಅರ್ಧ ದಿನ ರಜೆ ಕೇಳಿದ್ದೇನೆ. ಆ ದಿನ ತಮಗೆ ಬೇರೆ ಕೆಲಸ ಇದ್ದರೆ ಆಫೀಸಿನಲ್ಲಿ ಒಂದು ಮಾತು ಹೇಳಿಡಿ, ಇನ್ನೊಂದು ದಿನ ಬರುತ್ತೇನೆ. ಕೊನೆಯ ದಿನ ಶುಕ್ರವಾರಕ್ಕಿಂತ ಮೊದಲೇ ಇದ್ದರೆ ಮಾತ್ರ ದಯವಿಟ್ಟು ಫೋನ್ ಮಾಡಿಸಿ. ನನ್ನ ನಂಬರ್ ಅಡ್ಮಿಷನ್ ಫಾರಂನಲ್ಲಿದೆ.

ಇದರ ಜೊತೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್, ಶುಲ್ಕ ಕಟ್ಟಿದ ರಸೀದಿಯ ಜೆರಾಕ್ಸ್ ಇಟ್ಟಿದ್ದೇನೆ. ಅನುಷಾ ತಾನೇ ಬರೆದ ಕೋರಿಕೆ ಪತ್ರವೂ ಇದೆ. ಈ ಸಲ ಅವಳದನ್ನು ನಾನು ತಿದ್ದಲಿಲ್ಲ.

ಇಂತಿ ತಮ್ಮ ವಿಶ್ವಾಸಿ,

ಎಚ್. ಎಂ. ರಮೇಶ್
(ಅನುಷಾ ಎಚ್. ಆರ್. ಇವಳ ತಂದೆ)