ಒಣಗಿದ್ದಕ್ಕೆ ನೀರು ಸೇರುವ ಮೊದಲ ಕ್ಷಣಗಳು: ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗಾಗಿ ಸಂಶೋಧನಾ ಹೇಳಿಕೆ

ಒಣಗಿಸಿದ ಜೀವಕೋಶ ಯಾವಾಗ ಸಾಯುತ್ತದೆ? ಒಣಗುವಾಗಲೋ, ಒಣಗಿ ಕೂತಿರುವಾಗಲೋ, ಮತ್ತೆ ನೀರು ಸೇರುವಾಗಲೋ? ನನ್ನ ಪಿಎಚ್‌ಡಿ ಕೆಲಸ ಈ ಪ್ರಶ್ನೆಯ ಸುತ್ತಲೇ ನಡೆಯಿತು. ಯೀಸ್ಟ್‌ನ ಮಟ್ಟಿಗೆ ಸಿಕ್ಕ ಉತ್ತರ ಹೀಗಿದೆ: ಸಾವಿನ ದೊಡ್ಡ ಪಾಲು ಕೊನೆಯ ಹಂತದಲ್ಲಿ ಆಗುತ್ತದೆ, ಅದೂ ನೀರು ತಾಕಿದ ಮೊದಲ ಕೆಲವು ಸೆಕೆಂಡುಗಳಲ್ಲಿ. ಈ ಫೆಲೋಶಿಪ್‌ನಲ್ಲಿ ಅದೇ ಸೆಕೆಂಡುಗಳನ್ನು ಜೀವಕೋಶದಿಂದ ಹೊರಗೆ ತಂದು, ಒಣಪುಡಿಯಾಗಿ ಇಡುವ ಪ್ರೋಟೀನ್ ಮತ್ತು ಲಿಪಿಡ್ ಕಣಗಳಲ್ಲಿ ಅಳೆಯಬೇಕೆಂದಿದ್ದೇನೆ. ಒಣಗಿಸುವ ಹಂತಕ್ಕೆ ಎಷ್ಟು ಲೆಕ್ಕಾಚಾರ ಹಾಕುತ್ತೇವೋ, ನೀರು ಸೇರಿಸುವ ಹಂತಕ್ಕೂ ಅಷ್ಟೇ ಹಾಕಬೇಕು. ಇದು ನನ್ನ ವಾದ.

ಈಗ ಗೊತ್ತಿರುವುದು

ಒಣಗಿಯೂ ಸಾಯದ ಜೀವಿಗಳ ಕಥೆ ಹಳೆಯದು. ಒಣ ಧೂಳಿನಲ್ಲಿದ್ದ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ನೀರು ಬಿದ್ದೊಡನೆ ಓಡಾಡಲು ಶುರುಮಾಡಿದ್ದನ್ನು ಲೇವನ್‌ಹುಕ್ 1702ರಲ್ಲೇ ಬರೆದಿಟ್ಟಿದ್ದಾನೆ. ಇಂಥ ಹಲವು ಜೀವಿಗಳಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಜಾಸ್ತಿ ಇರುತ್ತದೆ. ಅದು ಏನು ಮಾಡುತ್ತದೆ ಎಂಬುದಕ್ಕೆ ಎರಡು ವಿವರಣೆಗಳಿವೆ. ನೀರು ಹೋದ ಜಾಗದಲ್ಲಿ ಸಕ್ಕರೆಯೇ ನಿಂತು ಪ್ರೋಟೀನ್ ಮತ್ತು ಪೊರೆಯ ಆಕಾರ ಕಾಯುತ್ತದೆ ಎಂಬುದು ಒಂದು. ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಎಲ್ಲವನ್ನೂ ಇದ್ದಲ್ಲೇ ಹಿಡಿದಿಡುತ್ತದೆ ಎಂಬುದು ಇನ್ನೊಂದು. ಎರಡೂ ನಿಜವಿರಬಹುದು, ಪ್ರಮಾಣ ಮಾತ್ರ ಬೇರೆ ಬೇರೆ. ಯೀಸ್ಟ್ ಕೋಶದೊಳಗೆ ಟ್ರೆಹಲೋಸ್ ಸೇರಿಸಿದರೆ ಸಾಕು, ಒಣಗುವುದನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ ಎಂದು 2015ರಲ್ಲಿ ತೋರಿಸಲಾಯಿತು. ಎಚ್‌ಎಸ್‌ಪಿ12 ಎಂಬ ಪುಟ್ಟ ಪ್ರೋಟೀನ್ ಕೂಡ ಈ ಕೆಲಸಕ್ಕೆ ನೆರವಾಗುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಒಣಗಿಯೂ ಬದುಕುವ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮ ಪ್ರಾಣಿಗಳಲ್ಲಿ ಇದಕ್ಕೆಂದೇ ಬೇರೆ ಪ್ರೋಟೀನುಗಳಿವೆ ಎಂಬ ವರದಿ 2017ರಲ್ಲಿ ಬಂತು.

ಇಂಥ ಪ್ರಯೋಗಗಳ ಸಾಮಾನ್ಯ ಅಳತೆ ಒಂದೇ: ಒಣಗಿಸು, ನೀರು ಹಾಕು, ಬದುಕಿದ್ದನ್ನು ಎಣಿಸು. ಮೂರು ಹಂತಗಳ ನಷ್ಟವೆಲ್ಲ ಕಲಸಿಕೊಂಡು ಒಂದೇ ಅಂಕಿಯಾಗಿ ಬರುತ್ತದೆ. ಯಾವ ರಕ್ಷಕ ಯಾವ ಹಂತದಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನನ್ನ ಕೆಲಸ ಶುರುವಾಗಿದ್ದು ಇಲ್ಲಿಂದ.

ಪಿಎಚ್‌ಡಿಯಲ್ಲಿ ಕಂಡದ್ದು

ಮೊದಲು ಹಂತಗಳನ್ನು ಬೇರ್ಪಡಿಸಬೇಕಿತ್ತು. ಒಣಗಿಸಿದ ಯೀಸ್ಟನ್ನು ತೆಳುವಾದ ಗಾಜಿನ ಕೋಣೆಯಲ್ಲಿ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿರುವಾಗಲೇ ನೀರು ಹರಿಸುವ ಸಾಧನ ಕಟ್ಟಿದೆ. ನೀರಿನಲ್ಲಿ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಇರುತ್ತದೆ. ಪೊರೆ ಸರಿಯಿರುವ ಕೋಶದೊಳಗೆ ಅದು ಹೋಗುವುದಿಲ್ಲ. ಪೊರೆ ಬಿರಿದರೆ ಒಳಗೆ ನುಗ್ಗಿ ಕೆಂಪಗೆ ಹೊಳೆಯುತ್ತದೆ. ಒಣ ಕೋಶ ಸುಕ್ಕುಗಟ್ಟಿ, ಒಂದು ಬದಿ ಒಳಗೆ ಕುಸಿದಂತೆ ಇರುತ್ತದೆ. ನೀರಿನ ಅಂಚು ಬಂದು ತಾಕಿದೊಡನೆ ಕುಸಿದ ಬದಿ ಉಬ್ಬುತ್ತದೆ. ಉಬ್ಬುತ್ತಿರುವಾಗಲೇ, ಇನ್ನೂ ಪೂರ್ತಿ ದುಂಡಗಾಗುವ ಮೊದಲೇ, ಟ್ರೆಹಲೋಸ್ ಇಲ್ಲದ ಕೋಶಗಳಲ್ಲಿ ಕೆಂಪು ಏರಲು ಶುರುವಾಗುತ್ತದೆ. ಟ್ರೆಹಲೋಸ್ ಇರುವವುಗಳಲ್ಲಿ ಹೆಚ್ಚಿನವು ಕಪ್ಪಾಗಿಯೇ ಉಳಿಯುತ್ತವೆ.

ಇಲ್ಲೊಂದು ಎಚ್ಚರಿಕೆ ಬೇಕು. ಕೆಂಪಾದ ಕೋಶಗಳೆಲ್ಲ ಸತ್ತವಲ್ಲ. ಕೆಲವು ಒಂದು ಗಳಿಗೆ ಸೋರಿ, ಮತ್ತೆ ಪೊರೆ ಮುಚ್ಚಿಕೊಂಡು ಬದುಕುತ್ತವೆ. ಹಾಗಾಗಿ ಬಣ್ಣದ ಅಳತೆಯ ಜೊತೆಗೆ, ಅದೇ ಬ್ಯಾಚಿನ ಕೋಶಗಳು ತಟ್ಟೆಯಲ್ಲಿ ಬೆಳೆದು ಕಾಲೊನಿ ಕಟ್ಟುತ್ತವೆಯೇ ಎಂದೂ ಪ್ರತಿ ಸಲ ನೋಡಿದೆ. ಸುಮ್ನೆ ಕೆಂಪನ್ನು ಎಣಿಸಿದ್ದರೆ ಸಾವು ಇರುವುದಕ್ಕಿಂತ ಜಾಸ್ತಿ ಕಾಣುತ್ತಿತ್ತು.

ಎರಡನೆಯದಾಗಿ, ದ್ರವ ನೀರು ಹಾಕುವ ಮೊದಲು ಕೋಶಗಳನ್ನು ತೇವದ ಗಾಳಿಯಲ್ಲಿಟ್ಟೆ. ಟ್ರೆಹಲೋಸ್ ಇಲ್ಲದ ಕೋಶಗಳಲ್ಲಿ ಕಾಲೊನಿ ಕಟ್ಟುವವು ಇದರಿಂದ ಸ್ಪಷ್ಟವಾಗಿ ಹೆಚ್ಚಿದವು. ಒಣಗುವಾಗಲೇ ಸತ್ತಿದ್ದರೆ ತೇವದ ಗಾಳಿ ಅವುಗಳನ್ನು ಎಬ್ಬಿಸಲು ಸಾಧ್ಯವಿಲ್ಲ, ಅಲ್ವಾ? ಕಾರಣ ಪೊರೆಯಲ್ಲಿದೆ. ಒಣಗಿದಾಗ ಪೊರೆಯ ಲಿಪಿಡ್‌ಗಳು ಒತ್ತಾಗಿ ಗಟ್ಟಿಯಾಗುತ್ತವೆ. ನೀರು ಬಂದಾಗ ಮತ್ತೆ ಮೆತ್ತಗಾಗುತ್ತವೆ. ಈ ಬದಲಾವಣೆ ಸುತ್ತ ದ್ರವ ನೀರಿರುವಾಗ ಆದರೆ ಪೊರೆ ಸೋರುತ್ತದೆ. ಆವಿಯಲ್ಲೇ ಮುಗಿದುಹೋದರೆ ಸೋರಲು ಹೊರಗೆ ನೀರೇ ಇರುವುದಿಲ್ಲ.

ಮೂರನೆಯದು ನನಗೆ ಅತಿ ಮುಖ್ಯವೆನಿಸಿದ್ದು. ಕೋಶದೊಳಗೆ ಮಿಂಚುಹುಳದ ಲೂಸಿಫರೇಸ್ ಇಟ್ಟು ಪ್ರೋಟೀನಿನ ಸ್ಥಿತಿಯನ್ನು ಪ್ರತ್ಯೇಕವಾಗಿ ಅಳೆದೆ. ಈ ಕಿಣ್ವ ಒಣಗಿದರೆ ಬೇಗ ಮುದ್ದೆಗಟ್ಟುತ್ತದೆ, ಅದಕ್ಕೇ ಇದನ್ನು ಆರಿಸಿದ್ದು. ಎಚ್‌ಎಸ್‌ಪಿ12 ಇಲ್ಲದ ಕೋಶಗಳಲ್ಲಿ ತೇವದ ಗಾಳಿ ಪೊರೆಯನ್ನು ಉಳಿಸಿತು. ಆದರೆ ಲೂಸಿಫರೇಸ್‌ನ ಚಟುವಟಿಕೆ ನೇರವಾಗಿ ನೀರು ಹಾಕಿದ್ದಕ್ಕಿಂತಲೂ ಕೆಳಗಿಳಿಯಿತು. ಅಂದರೆ ಪೊರೆಗೆ ಒಳ್ಳೆಯದಾದ ನಿಧಾನವೇ ಪ್ರೋಟೀನಿಗೆ ಕೆಟ್ಟದ್ದಾಯಿತು.

ಅಲ್ಲಿಂದ ಹೊಸ ಪ್ರಶ್ನೆಗೆ

ಈ ಎಳೆದಾಟ ಯೀಸ್ಟಿಗಷ್ಟೇ ಸೀಮಿತವಾಗಿರಲು ಕಾರಣ ಕಾಣುತ್ತಿಲ್ಲ. ಪೂರ್ತಿ ಒಣಗಿದ ಟ್ರೆಹಲೋಸ್ ಗಾಜು ಮೆತ್ತಗಾಗುವುದು ಸುಮಾರು 115–120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸ್ವಲ್ಪವೇ ತೇವ ಸೇರಿದರೂ ಈ ತಾಪಮಾನ ಸರ್ರನೆ ಇಳಿಯುತ್ತದೆ. ನೀರು ಸೇರುತ್ತಾ ಹೋದಂತೆ ಒಂದು ಹಂತದಲ್ಲಿ ಕೋಣೆಯ ತಾಪಮಾನದಲ್ಲೇ ಗಾಜು ಕರಗುತ್ತದೆ. ಆಗ ಪ್ರೋಟೀನಿನ ಅಣುಗಳು ಅಲುಗಾಡಬಲ್ಲವು. ಆದರೆ ನೀರು ಇನ್ನೂ ಕಡಿಮೆ, ಅಣುಗಳು ಒಂದರ ಮೇಲೊಂದು ಕಿಕ್ಕಿರಿದಿರುತ್ತವೆ. ಮುದ್ದೆಗಟ್ಟಲು ಇದಕ್ಕಿಂತ ಅನುಕೂಲದ ಹೊತ್ತು ಇಲ್ಲ. ಈ ಅವಧಿಯನ್ನು ಮುಂದೆ ‘ಅಪಾಯದ ಪಟ್ಟಿ’ ಎಂದು ಕರೆಯುತ್ತೇನೆ.

ನನ್ನ ಊಹೆ ಹೀಗಿದೆ: ಬರೀ ಪ್ರೋಟೀನ್ ಇರುವ ಪುಡಿ ಈ ಪಟ್ಟಿಯನ್ನು ಬೇಗ ದಾಟಬೇಕು. ಲಿಪಿಡ್ ಪೊರೆ ಇರುವ ಪುಡಿ ನಿಧಾನವಾಗಿ, ಮೊದಲು ಆವಿಯ ಮೂಲಕ ದಾಟಬೇಕು. ಎರಡೂ ಇರುವುದಕ್ಕೆ ಇವುಗಳ ನಡುವಿನ ವೇಗವೊಂದನ್ನು ಹುಡುಕಬೇಕು, ಇಲ್ಲವೇ ನಿಧಾನದಿಂದ ಪ್ರೋಟೀನಿಗೆ ಆಗುವ ಹಾನಿಯನ್ನು ತಡೆಯುವ ರಕ್ಷಕ ಸೇರಿಸಬೇಕು.

ಇದಕ್ಕೆ ಹಣ ಹಾಕುವುದು ಯಾಕೆ ಸರಿ? ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಕಾಯ್ದಿಡಬೇಕು. ಎಂಆರ್‌ಎನ್‌ಎ ಲಸಿಕೆಗಳಲ್ಲಿ ಒಂದಕ್ಕೆ 2020ರ ಕೊನೆಯಲ್ಲಿ ಅನುಮತಿ ಸಿಕ್ಕಾಗ ಮೈನಸ್ 60ಕ್ಕಿಂತ ಕೆಳಗಿನ ಶೈತ್ಯವೇ ಬೇಕಿತ್ತು. ಪುಡಿಯಾಗಿ ಇಟ್ಟರೆ ಈ ಹೊರೆ ಇಳಿಯುತ್ತದೆ, ಹಾಗಾಗಿ ಫ್ರೀಜ್ ಡ್ರೈ ಮಾಡುವ ವಿಧಾನಗಳ ಮೇಲೆ ದೊಡ್ಡ ಶ್ರಮ ಹೋಗುತ್ತಿದೆ. ಕರಗಿಸುವ ದ್ರವ ಬದಲಾದರೆ ಪ್ರೋಟೀನ್ ಮುದ್ದೆಗಟ್ಟುವ ಪ್ರಮಾಣವೂ ಬದಲಾಗುತ್ತದೆ ಎಂಬುದು 1990ರ ದಶಕದಿಂದ ಗೊತ್ತಿದೆ. ಆದರೂ ಪುಡಿಗೆ ದ್ರವ ಹಾಕಿ ಮೆಲ್ಲಗೆ ಆಡಿಸಿ ಎಂಬ ಸೂಚನೆ ಬಿಟ್ಟರೆ, ಎಷ್ಟು ವೇಗದಲ್ಲಿ ನೀರು ಒಳಗೆ ಹೋಗಬೇಕು ಎಂದು ಲೆಕ್ಕಹಾಕುವ ನಿಯಮ ನಮ್ಮ ಕೈಯಲ್ಲಿಲ್ಲ. ಒಣಗಿಸುವ ಯಂತ್ರ ಬದಲಿಸುವುದು ದುಬಾರಿ. ನೀರು ಸೇರಿಸುವ ಕ್ರಮ ಬದಲಿಸುವುದು ಅಗ್ಗ. ಈ ಯೋಜನೆಯ ಬಲ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ.

24 ತಿಂಗಳ ಕೆಲಸ

ಮೊದಲ ಹತ್ತು ತಿಂಗಳು ಅಪಾಯದ ಪಟ್ಟಿಯನ್ನು ಅಳೆಯಲು. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದಿಂದ ಶುರುಮಾಡುತ್ತೇನೆ. ಇದಕ್ಕೆ ನಾಲ್ಕು ಉಪಘಟಕಗಳಿವೆ, ಒಣಗಿಸಿದರೆ ಸುಲಭವಾಗಿ ಕೆಡುತ್ತದೆ, ಚಟುವಟಿಕೆ ಅಳೆಯುವುದೂ ಸುಲಭ. ಟ್ರೆಹಲೋಸ್ ಮತ್ತು ಸುಕ್ರೋಸ್ ಎರಡರಲ್ಲೂ ಒಣಗಿಸುತ್ತೇನೆ. ಸುಕ್ರೋಸ್ ಗಾಜು ಟ್ರೆಹಲೋಸ್‌ಗಿಂತ ಸಾಕಷ್ಟು ಕಡಿಮೆ ತಾಪಮಾನದಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ಊಹೆ ಸರಿಯಿದ್ದರೆ ಅದರ ಪಟ್ಟಿ ಕಡಿಮೆ ತೇವದಲ್ಲೇ ಶುರುವಾಗಬೇಕು. ತೇವವನ್ನು ಹಿಡಿತದಲ್ಲಿಡಲು ಸ್ಯಾಚುರೇಟೆಡ್ ಉಪ್ಪಿನ ದ್ರಾವಣಗಳೇ ಸಾಕು: 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಸುಮಾರು ಶೇ. 11, ಮೆಗ್ನೀಷಿಯಂ ಕ್ಲೋರೈಡ್ ಶೇ. 33, ಅಡುಗೆ ಉಪ್ಪು ಶೇ. 75 ಆರ್ದ್ರತೆ ಕೊಡುತ್ತವೆ. ಪ್ರತಿ ಹಂತದಲ್ಲೂ ಪುಡಿಯಲ್ಲಿರುವ ನೀರನ್ನು ಕಾರ್ಲ್ ಫಿಷರ್ ವಿಧಾನದಿಂದ, ಗಾಜು ಮೆತ್ತಗಾಗುವ ತಾಪಮಾನವನ್ನು ಕ್ಯಾಲೊರಿಮೀಟರಿನಿಂದ, ಮುದ್ದೆಗಳನ್ನು ಬೆಳಕಿನ ಚದುರುವಿಕೆಯಿಂದ ಅಳೆಯುತ್ತೇನೆ.

ಎರಡು ಸಕ್ಕರೆಗಳಲ್ಲೂ ನಷ್ಟ ಒಂದೇ ತೇವದಲ್ಲಿ ಶುರುವಾದರೆ ನನ್ನ ಊಹೆ ತಪ್ಪು. ಆಗ ಗಾಜಿನ ಮಾತು ಬಿಟ್ಟು, ಪುಡಿ ಕರಗುವಾಗ ಏಳುವ ಗಾಳಿಗುಳ್ಳೆಗಳ ಮೇಲ್ಮೈಯಲ್ಲಿ ಪ್ರೋಟೀನ್ ಕೆಡುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಮೊದಲ ತಿಂಗಳುಗಳಲ್ಲೇ, ಗುಳ್ಳೆಗಳ ಮೇಲ್ಮೈಯಿಂದ ಪ್ರೋಟೀನನ್ನು ದೂರವಿಡುವ ಪಾಲಿಸಾರ್ಬೇಟ್ ಸೇರಿಸಿದ ಮಾದರಿಗಳನ್ನೂ ಜೊತೆಗೆ ಓಡಿಸುತ್ತೇನೆ. ಹಾಗಾಗಿ ದಾರಿ ಬದಲಿಸಬೇಕಾದರೂ ವರ್ಷ ಹಾಳಾಗುವುದಿಲ್ಲ.

ನಂತರದ ಎಂಟು ತಿಂಗಳು ಪೊರೆಗೆ. ಲೈಪೊಸೋಮ್ ಎಂಬ ಲಿಪಿಡ್ ಪೊರೆಯ ಪುಟ್ಟ ಚೀಲಗಳೊಳಗೆ ಬಣ್ಣ ತುಂಬಿ ಒಣಗಿಸಿ, ಬೇರೆ ಬೇರೆ ವೇಗದಲ್ಲಿ ನೀರು ಕೊಟ್ಟು, ಎಷ್ಟು ಬಣ್ಣ ಸೋರಿತು ಎಂದು ನೋಡುವುದು. ನನ್ನ ಹರಿವಿನ ಕೋಣೆ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೊನೆಯ ಆರು ತಿಂಗಳಲ್ಲಿ ಕಿಣ್ವವನ್ನೇ ಲೈಪೊಸೋಮ್‌ನೊಳಗೆ ಇಟ್ಟು ಎರಡರ ಎಳೆದಾಟವನ್ನು ಒಂದೇ ಮಾದರಿಯಲ್ಲಿ ಪರೀಕ್ಷಿಸುತ್ತೇನೆ. ಎಚ್‌ಎಸ್‌ಪಿ12 ಸೇರಿಸಿದರೆ ನಿಧಾನದ ಹಾನಿ ತಗ್ಗುತ್ತದೆಯೇ ಎಂಬುದನ್ನೂ ಇಲ್ಲೇ ನೋಡುತ್ತೇನೆ. ಲಸಿಕೆಯ ಮೇಲೆ ನೇರವಾಗಿ ಕೆಲಸ ಮಾಡುವ ಭರವಸೆ ಈ ಅವಧಿಯಲ್ಲಿ ಕೊಡುವುದಿಲ್ಲ. ಎರಡು ವರ್ಷದಲ್ಲಿ ಅದನ್ನು ಸರಿಯಾಗಿ ಮಾಡಲಾಗದು.

ಯಾಕೆ ಈ ಪ್ರಯೋಗಾಲಯ, ಯಾಕೆ ನಾನು

ನನಗೆ ಜೀವಕೋಶ ಗೊತ್ತು, ಸೂಕ್ಷ್ಮದರ್ಶಕ ಗೊತ್ತು, ಸೆಕೆಂಡುಗಳ ಅಳತೆ ಗೊತ್ತು. ಔಷಧವನ್ನು ಪುಡಿಯಾಗಿಸುವ ವಿದ್ಯೆ ಗೊತ್ತಿಲ್ಲ. ಫ್ರೀಜ್ ಡ್ರೈಯರಿನ ಶೆಲ್ಫ್ ತಾಪಮಾನ ಹೇಗೆ ಏರಿಸಬೇಕು, ಪುಡಿಯ ರಂಧ್ರಗಳು ಯಾಕೆ ಕುಸಿಯುತ್ತವೆ ಎಂಬುದನ್ನು ನಾನು ಕಲಿಯಬೇಕು. ಆತಿಥೇಯ ಗುಂಪಿಗೆ ಲೈಪೊಸೋಮ್ ಒಣಗಿಸುವುದರಲ್ಲಿ ವರ್ಷಗಳ ಅನುಭವವಿದೆ. ನೀರು ಸೇರುವುದನ್ನು ಕಣ್ಣಾರೆ ನೋಡುವ ಸಾಧನ ಅವರಲ್ಲಿಲ್ಲ. ಈ ಕೊಡುಕೊಳ್ಳುವಿಕೆಯ ಬಗ್ಗೆ ಗುಂಪಿನ ಮುಖ್ಯಸ್ಥರ ಜೊತೆ ಈಗಾಗಲೇ ಮಾತಾಗಿದೆ. ಮೊದಲ ಆರು ತಿಂಗಳು ವಾರಕ್ಕೊಂದು ದಿನ ಅವರ ಫ್ರೀಜ್ ಡ್ರೈಯರ್ ನನಗೆ ಸಿಗುತ್ತದೆ.

ಖರ್ಚಿನ ಬೇಡಿಕೆ ಚಿಕ್ಕದು. ದೊಡ್ಡ ಯಂತ್ರಗಳೆಲ್ಲ ಅಲ್ಲಿವೆ. ಹೊಸದಾಗಿ ಬೇಕಾಗುವುದು ಆರ್ದ್ರತೆ ನಿಯಂತ್ರಿಸುವ ಹರಿವಿನ ಕೋಣೆ, ಲಿಪಿಡ್‌ಗಳು, ಕಿಣ್ವಗಳು, ಮತ್ತು ಕ್ಯಾಲೊರಿಮೀಟರ್ ಬಳಕೆಯ ಶುಲ್ಕ. ಇವುಗಳಲ್ಲಿ ಲಿಪಿಡ್‌ಗಳ ಪಾಲೇ ಜಾಸ್ತಿ. ಹಾಗಾಗಿ ಅವನ್ನು ಎರಡನೇ ಹಂತಕ್ಕೆ, ಪಟ್ಟಿಯ ಅಳತೆ ಕೈಗೆ ಬಂದ ಮೇಲೆ ಮಾತ್ರ ತರಿಸುತ್ತೇನೆ.

ಕೋಣೆಯ ನಕ್ಷೆ, ಅಳತೆಯ ಕಚ್ಚಾ ದತ್ತಾಂಶ ಮತ್ತು ವಿಶ್ಲೇಷಣೆಯ ಕೋಡ್ ಪ್ರತಿ ಪ್ರಬಂಧದ ಜೊತೆಗೆ ಎಲ್ಲರಿಗೂ ತೆರೆದಿರುತ್ತವೆ. ಪಟ್ಟಿಯ ಊಹೆ ಸೋತರೂ ಆ ದತ್ತಾಂಶ ಹೊರಬರುತ್ತದೆ. ಗೆದ್ದರೆ ಹದಿನೆಂಟನೇ ತಿಂಗಳಿನಿಂದಲೇ ಮುಂದಿನ ಅರ್ಜಿ ಬರೆಯಲು ಶುರುಮಾಡುತ್ತೇನೆ. ಎಂಆರ್‌ಎನ್‌ಎ ಹೊತ್ತ ಲಿಪಿಡ್ ಕಣಗಳ ಪುಡಿಗೆ ನೀರು ಸೇರಿಸುವ ಕ್ರಮ ಅದರ ವಿಷಯ, ಮತ್ತು ಅದು ನನ್ನ ಸ್ವಂತ ಗುಂಪಿನ ಮೊದಲ ಯೋಜನೆಯಾಗಬೇಕು.